ನಿಷೇಧ ಮುಗಿಯಿತೆಂದು ಯಾವಾಗ ಹೇಳಬಹುದು?

ಕೆಜಿಎಫ್‌ನಲ್ಲೋ ಬಂಗಾರಪೇಟೆಯಲ್ಲೋ ಫುಟ್‌ಬಾಲ್ ಟೂರ್ನಿಗೆ ತಂಡ ಇಳಿಸುವ ಮ್ಯಾನೇಜರ್, ಎಷ್ಟು ಹಳದಿ ಕಾರ್ಡಿಗೆ ಒಂದು ಪಂದ್ಯದ ನಿಷೇಧ ಎಂಬುದನ್ನು ಮೊದಲೇ ಸಂಘಟಕರಿಂದ ಬರಹದಲ್ಲಿ ಪಡೆಯಬೇಕು. ಈ ಸಂಖ್ಯೆಯನ್ನು ಆಯಾ ಟೂರ್ನಿಯೇ ಗೊತ್ತುಮಾಡುತ್ತದೆ. ವಿಶ್ವಕಪ್‌ನಲ್ಲಿ ಬೇರೆ ಬೇರೆ ಪಂದ್ಯಗಳ ಎರಡು ಕಾರ್ಡ್ ಸಾಕು, ಐಎಸ್‌ಎಲ್‌ನಂಥ ದೀರ್ಘ ಲೀಗ್‌ನಲ್ಲಿ ನಾಲ್ಕು ಬೇಕು. ಒಂದೇ ಪಂದ್ಯದಲ್ಲಿ ಎರಡು ಹಳದಿ ಬಿದ್ದು ಕೆಂಪಾದರೆ, ಫಿಫಾ ಶಿಸ್ತು ಸಂಹಿತೆಯ ಪ್ರಕಾರ ಅವೆರಡೂ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಳದಿಯ ನಂತರ ನೇರ ಕೆಂಪು ಬಿದ್ದರೆ ಆ ಹಳದಿ ಖಾತೆಯಲ್ಲೇ ಉಳಿಯುತ್ತದೆ. ಅನೇಕರು ಎಡವುವುದು ಇಲ್ಲೇ.

ಸಣ್ಣ ತಪ್ಪುಗಳಿಗಾಗಿ ಆಟಗಾರನಿಗೆ ಫೈನಲ್ ತಪ್ಪಿಸುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. 2016ರ ಎಎಫ್‌ಸಿ ಕಪ್ ಫೈನಲ್‌ಗೆ ಬೆಂಗಳೂರು ಎಫ್‌ಸಿ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಕಾರ್ಡುಗಳ ಕಾರಣಕ್ಕೆ ಸಿಗಲಿಲ್ಲ. ತಂಡ 1–0ರಿಂದ ಸೋತಿತು. ವಿಶ್ವಕಪ್‌ನಲ್ಲಿ 2010ರಿಂದ ಕ್ವಾರ್ಟರ್‌ಫೈನಲ್ ಮುಗಿದೊಡನೆ ಒಂಟಿ ಹಳದಿಗಳನ್ನು ಅಳಿಸುವುದು ಇಂಥ ನೋವಿಗೆ ಕೊಟ್ಟ ಪರಿಹಾರ. ಊರಿನ ಟೂರ್ನಿಗಳೂ ಅದನ್ನು ಅನುಸರಿಸಬೇಕು. ಆದರೆ ಕಾರ್ಡಿನ ಭಯವನ್ನೇ ತೆಗೆದುಹಾಕಿದರೆ ಪ್ರತಿ ಪಂದ್ಯದಲ್ಲೂ ಅಂಗಿ ಹಿಡಿದೆಳೆಯುವವನಿಗೆ ಲಗಾಮಿರುವುದಿಲ್ಲ.

ಸಾಮಾನ್ಯವಾಗಿ ಹಳದಿಯ ಎಣಿಕೆ ತನ್ನ ಟೂರ್ನಿಯೊಳಗೇ ನಿಲ್ಲುತ್ತದೆ, ಕೆಂಪು ಕಾರ್ಡಿನ ನಿಷೇಧ ಮಾತ್ರ ಉಳಿದರೆ ಮುಂದಕ್ಕೆ ಸಾಗುತ್ತದೆ. ಅದು ಎಷ್ಟು ಕಟ್ಟುನಿಟ್ಟು ಎಂಬುದನ್ನು ಪೋಲೆಂಡಿನ ಲೆಗಿಯಾ ವಾರ್ಸಾ ಕಲಿತದ್ದು 2014ರಲ್ಲಿ. ಆಟಗಾರ ಬೆರೆಶಿನ್ಸ್ಕಿಗೆ ಹಿಂದಿನ ಋತುವಿನ ಯುರೋಪಾ ಲೀಗ್‌ನಲ್ಲಿ ಬಿದ್ದ ಕೆಂಪು ಕಾರ್ಡಿನಿಂದ ಮೂರು ಪಂದ್ಯಗಳ ನಿಷೇಧವಿತ್ತು; ಅದು ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿಗೂ ಬಂತು. ಆತ ಮೂರು ಪಂದ್ಯ ಹೊರಗೇ ಕೂತ. ಆದರೆ ಮೊದಲೆರಡರಲ್ಲಿ ಕ್ಲಬ್ ಅವನ ಹೆಸರನ್ನು ನೋಂದಾಯಿತ ಪಟ್ಟಿಯಲ್ಲಿ ಕೊಟ್ಟಿರಲಿಲ್ಲ, ಹಾಗಾಗಿ ಅವು ಶಿಕ್ಷೆಗೆ ಸಂದಾಯವಾಗಲಿಲ್ಲ. ಸೆಲ್ಟಿಕ್ ವಿರುದ್ಧ ಕೊನೆಯ ಕೆಲವೇ ನಿಮಿಷ ಅವನನ್ನು ಇಳಿಸಿದ್ದಕ್ಕೆ, ಗೆದ್ದಿದ್ದ ಆ ಪಂದ್ಯ 3–0 ಸೋಲಾಯಿತು. ಎರಡು ಪಂದ್ಯ ಸೇರಿ 6–1 ಮುಂದಿದ್ದ ತಂಡ, 4–4 ಆಗಿ ಎದುರಾಳಿ ಮೈದಾನದ ಗೋಲಿನ ನಿಯಮದಿಂದ ಹೊರಬಿತ್ತು. ಶಿಕ್ಷೆ ಕ್ರೂರ ಅನ್ನಿಸಬಹುದು. ಆದರೆ ಪಟ್ಟಿಯಲ್ಲಿಲ್ಲದವನು ಹೇಗೂ ಆಡಲಾರ, ಆಡಲಾಗದ ಪಂದ್ಯವನ್ನು ತಪ್ಪಿಸಿಕೊಂಡರೆ ಅದು ಶಿಕ್ಷೆ ಹೇಗಾದೀತು?

ಆದ್ದರಿಂದ ತಂಡವೇ ಒಂದು ಪುಸ್ತಕ ಇಡಲಿ. ಆಟಗಾರನ ಹೆಸರು, ಟೂರ್ನಿ, ದಿನಾಂಕ, ಕಾರ್ಡಿನ ಬಣ್ಣ ಬರೆದು, ಪಕ್ಕದಲ್ಲಿ ಯಾವ ಪಂದ್ಯದಲ್ಲಿ ನಿಷೇಧ ತೀರಿತೆಂದು ನಮೂದಿಸಿ. ಸೌಹಾರ್ದ ಪಂದ್ಯವನ್ನು ಅಲ್ಲಿ ಬರೆಯಬೇಡಿ. ಅರ್ಧಕ್ಕೆ ನಿಂತ ಪಂದ್ಯವಾದರೆ, ನಿಂತದ್ದಕ್ಕೆ ನಿಮ್ಮ ತಂಡ ಕಾರಣವಲ್ಲದಿದ್ದರೆ ಮಾತ್ರ ಫಿಫಾ ನಿಯಮ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಸಂಶಯವಿದ್ದರೆ ತಂಡದ ಪಟ್ಟಿ ಕೊಡುವ ಮುಂಚೆಯೇ ಸಂಘಟಕರ ಲಿಖಿತ ಉತ್ತರ ಪಡೆದು ಆ ಪುಸ್ತಕದಲ್ಲೇ ಅಂಟಿಸಿಡಿ.