ಪ್ಲಾಸ್ಟರ್ ಕಟ್ಟಿನ ಆರೈಕೆ: ಬೆರಳುಗಳ ಮೇಲೆ ಕಣ್ಣಿರಲಿ

ಬಚ್ಚಲಲ್ಲಿ ಕಾಲು ಜಾರಿ ಬಿದ್ದ ಹಿರಿಯ ತಾಯಿಯೊಬ್ಬರ ಎಡ ಮಣಿಕಟ್ಟಿನ ಮೂಳೆ ಮುರಿದಿದೆ ಎಂದಿಟ್ಟುಕೊಳ್ಳೋಣ. ವೈದ್ಯರು ಮೂಳೆಯನ್ನು ಕೂಡಿಸಿ, ಮೊಣಕೈ ಕೆಳಗಿನಿಂದ ಬೆರಳುಗಳ ಬುಡದವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳುಹಿಸಿದ್ದಾರೆ. ಇನ್ನು ಸುಮಾರು ಆರು ವಾರಗಳ ಕಾಲ ಆ ಕೈಯ ಯೋಗಕ್ಷೇಮ ಮನೆಯವರದು.

ಪ್ಲಾಸ್ಟರ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದಂತೆ ಕಂಡರೂ ಒಳಗಿನ ತೇವವೆಲ್ಲ ಆರಲು ಎರಡು ಮೂರು ದಿನಗಳು ಬೇಕಾಗುತ್ತವೆ. ಅಷ್ಟರೊಳಗೆ ಅದನ್ನು ಬೆರಳ ತುದಿಗಳಿಂದ ಹಿಡಿದೆತ್ತಿದರೆ ತಗ್ಗು ಬೀಳುತ್ತದೆ. ಆ ತಗ್ಗು ಹಾಗೆಯೇ ಗಟ್ಟಿಯಾಗಿ ಒಳಗಿನ ಚರ್ಮವನ್ನು ಒತ್ತುತ್ತಾ ಹುಣ್ಣು ಮಾಡುತ್ತದೆ. ಆದ್ದರಿಂದ ಅಂಗೈಯನ್ನು ಚಪ್ಪಟೆಯಾಗಿ ಕೆಳಗಿಟ್ಟು ಎತ್ತಬೇಕು. ಮೆತ್ತನೆಯ ದಿಂಬಿನ ಮೇಲೆ ಇರಿಸಬೇಕು. ಕಂಬಳಿ ಹೊದಿಸದೆ ಗಾಳಿಗೆ ಬಿಡಬೇಕು. ಬೇಗ ಆರಲೆಂದು ಒಲೆಯ ಬಳಿ ಹಿಡಿಯಬಾರದು, ಸುಡುವ ಅಪಾಯವಿದೆ.

ಆರಿದ ಪ್ಲಾಸ್ಟರ್‌ಗೆ ಮತ್ತೆ ನೀರು ತಗುಲಿದರೆ ಅದು ಮೆತ್ತಗಾಗಿ ಮೂಳೆಯನ್ನು ಹಿಡಿದಿಡುವ ಬಲ ಕಳೆದುಕೊಳ್ಳುತ್ತದೆ. ಒಳಗಿನ ಹತ್ತಿ ನೆನೆದರೆ ಚರ್ಮ ಬೆಂದಂತಾಗಿ ಹುಣ್ಣಾಗುತ್ತದೆ. ಸ್ನಾನದ ಹೊತ್ತಿಗೆ ಕಟ್ಟಿನ ಮೇಲೆ ಎರಡು ಪ್ಲಾಸ್ಟಿಕ್ ಚೀಲಗಳನ್ನು ಒಂದರ ಮೇಲೊಂದು ತೊಡಿಸಿ, ಬಾಯಿಯನ್ನು ಅಂಟುಪಟ್ಟಿಯಿಂದ ಮುಚ್ಚಿ, ಕೈಯನ್ನು ನೀರಿನಿಂದ ಹೊರಗೇ ಚಾಚಿರಬೇಕು. ಸ್ನಾನ ಮುಗಿದೊಡನೆ ಚೀಲವನ್ನು ತೆಗೆಯಬೇಕು; ಇಲ್ಲವಾದರೆ ಬೆವರೇ ಒಳಗೆ ತೇವವನ್ನುಂಟುಮಾಡುತ್ತದೆ. ಇಷ್ಟಲಿಂಗ ಪೂಜೆ ಎಡ ಅಂಗೈಯಲ್ಲಿ ನಡೆಯುವುದರಿಂದ ಅಭಿಷೇಕದ ನೀರು ಮಣಿಕಟ್ಟಿಗೆ ಹರಿದು ಕಟ್ಟಿನೊಳಗೆ ಇಳಿಯುವ ಸಂಭವವುಂಟು. ಕಟ್ಟು ಇರುವಷ್ಟು ದಿನ ಪೂಜೆಯನ್ನು ಹೇಗೆ ನೆರವೇರಿಸಬೇಕೆಂದು ಗುರುಗಳಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಕಟ್ಟು ಒಳಗೆ ನೆನೆದು ಮೆತ್ತಗಾದರೆ ಬಿಸಿಲಿಗೆ ಹಿಡಿದು ಕಾಯಬೇಡಿ. ಆಸ್ಪತ್ರೆಗೆ ಹೋಗಿ ಬದಲಿಸಿಕೊಳ್ಳಿ.

ಒಂದೆರಡು ವಾರ ಕಳೆದ ಮೇಲೆ ತುರಿಕೆ ಆರಂಭವಾಗುತ್ತದೆ. ಬೆವರು ಮತ್ತು ಉದುರಲಾಗದೆ ಉಳಿದ ಸತ್ತ ಚರ್ಮವೇ ಅದಕ್ಕೆ ಕಾರಣ. ಆಗ ಕಡ್ಡಿ, ಹೆಣಿಗೆ ಸೂಜಿ, ಅಳತೆಪಟ್ಟಿಗಳನ್ನು ಒಳಗೆ ತೂರಿಸುವವರೇ ಹೆಚ್ಚು. ಕಣ್ಣಿಗೆ ಕಾಣದ ಸಣ್ಣ ಗೀರು ಒಳಗೇ ಕೀವಾಗುತ್ತದೆ. ಹತ್ತಿ ಸುರುಳಿಗೊಂಡು ಒತ್ತತೊಡಗುತ್ತದೆ. ಪೌಡರ್ ಬೆವರಿನಲ್ಲಿ ಗಂಟುಕಟ್ಟುತ್ತದೆ, ಎಣ್ಣೆ ಹತ್ತಿಯನ್ನು ನೆನೆಸುತ್ತದೆ, ಅವೂ ಬೇಡ. ಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಬಹುದು. ಕೂದಲು ಒಣಗಿಸುವ ಯಂತ್ರದ ತಣ್ಣನೆಯ ಗಾಳಿಯನ್ನು ಕಟ್ಟಿನ ಅಂಚಿನಿಂದ ಒಳಕ್ಕೆ ಹಾಯಿಸಬಹುದು. ಬಿಸಿ ಗಾಳಿ ಸಲ್ಲದು. ಇಷ್ಟಕ್ಕೂ ತುರಿಕೆ ತಗ್ಗದಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಮೊದಲ ಎರಡು ಮೂರು ದಿನಗಳಲ್ಲಿ. ಮುರಿದ ಜಾಗ ಬಾತುಕೊಳ್ಳುತ್ತದೆ, ಆದರೆ ಪ್ಲಾಸ್ಟರ್ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿದಾಗ ಸ್ನಾಯುಗಳಿಗೆ ರಕ್ತ ಸಾಲದೆ ಹೋಗುತ್ತದೆ. ಬಾವು ಇಳಿಯಲೆಂದು ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿರಿಸಿ, ಬೆರಳುಗಳನ್ನು ಆಗಾಗ ಮಡಚಿ ಬಿಡಿಸುತ್ತಿರಬೇಕು. ಉಂಗುರ, ಬಳೆಗಳನ್ನು ಮೊದಲೇ ತೆಗೆದಿರಬೇಕು.

ಎಚ್ಚರವಿರುವ ಹೊತ್ತಿನಲ್ಲಿ ಕೆಲವು ಗಂಟೆಗಳಿಗೊಮ್ಮೆ ಬೆರಳುಗಳನ್ನು ಪರೀಕ್ಷಿಸಿರಿ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ಸುಮಾರು ಎರಡು ಸೆಕೆಂಡುಗಳಲ್ಲಿ ಮತ್ತೆ ಕೆಂಪಾಗಬೇಕು. ಮುಟ್ಟಿದ್ದು ತಿಳಿಯುತ್ತಿದೆಯೇ, ಬೆರಳು ಬೆಚ್ಚಗಿದೆಯೇ, ಅಲುಗುತ್ತಿದೆಯೇ ಎಂದು ಮತ್ತೊಂದು ಕೈಯೊಡನೆ ಹೋಲಿಸಿ ನೋಡಿರಿ.

ಆ ತಾಯಿ ಎರಡನೆಯ ರಾತ್ರಿ ಮಾತ್ರೆ ನುಂಗಿ, ಕೈ ಎತ್ತರಿಸಿಟ್ಟರೂ ನೋವು ಏರುತ್ತಲೇ ಇದೆ ಎನ್ನುತ್ತಾರೆ. ಮಗಳು ಬೆರಳುಗಳನ್ನು ಮೆಲ್ಲನೆ ನೆಟ್ಟಗೆ ಮಾಡಿದಾಗ ಚೀರುತ್ತಾರೆ. ಉಗುರು ಇನ್ನೂ ಕೆಂಪಾಗಿಯೇ ಇದೆ. ಇಲ್ಲಿಯೇ ಮನೆಯವರು ಮೋಸಹೋಗುವುದು. ಬಣ್ಣ ಬದಲಾಗುವುದು, ನಾಡಿ ನಿಲ್ಲುವುದು ತಡವಾಗಿ ಬರುವ ಲಕ್ಷಣಗಳು. ಮಾತ್ರೆಗೆ ಬಗ್ಗದ ನೋವು ಮತ್ತು ಬೆರಳು ನೀಡಿದಾಗ ಹೆಚ್ಚುವ ನೋವು ಮೊದಲ ಲಕ್ಷಣಗಳು. ಇನ್ನೊಂದು ಮಾತ್ರೆ ಕೊಟ್ಟು ಬೆಳಗನ್ನು ಕಾಯುವಂತಿಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯುಗಳಿಗೆ ಶಾಶ್ವತ ಹಾನಿಯಾಗಿ ಕೈ ಸೆಟೆದು ಹೋಗಬಹುದು. ಇಂಥ ಅನುಮಾನ ಬಂದೊಡನೆ ಕೈಯನ್ನು ಇನ್ನೂ ಎತ್ತರಿಸದೆ ಎದೆಯ ಮಟ್ಟದಲ್ಲಿರಿಸಿಕೊಂಡು, ಆ ರಾತ್ರಿಯೇ ತುರ್ತು ಚಿಕಿತ್ಸೆ ದೊರೆಯುವ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಉದ್ದಕ್ಕೂ ಸೀಳುತ್ತಾರೆ. ಅದರಿಂದಲೂ ನೋವು ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು.

ಜೋಮು, ಬೆರಳು ತಣ್ಣಗಾಗುವುದು ಅಥವಾ ನೀಲಿಗಟ್ಟುವುದು ಕಂಡರೂ ಹೀಗೆಯೇ ಹೊರಡಬೇಕು. ಮುಂದಿನ ವಾರಗಳಲ್ಲಿ ಕಟ್ಟಿನಿಂದ ದುರ್ವಾಸನೆ, ಹೊರಗೆ ಮೂಡಿದ ಕಲೆ, ಜ್ವರ, ಒಂದೇ ಕಡೆ ಉರಿ ಕಾಣಿಸಿದರೆ ಒಳಗೆ ಹುಣ್ಣಾಗಿದೆಯೆಂದು ಶಂಕಿಸಿ ಅಂದೇ ವೈದ್ಯರಿಗೆ ತೋರಿಸಬೇಕು. ಆ ಉರಿ ಒಂದೆರಡು ದಿನಗಳಲ್ಲಿ ತಾನಾಗಿ ನಿಂತಿತೆಂದು ನಿಶ್ಚಿಂತರಾಗಬಾರದು. ಹುಣ್ಣು ಆಳಕ್ಕಿಳಿದು ಅಲ್ಲಿನ ಚರ್ಮ ಸ್ಪರ್ಶ ಕಳೆದುಕೊಂಡಾಗಲೂ ಉರಿ ನಿಲ್ಲುತ್ತದೆ.