ಎಂಟನೇ ಕೊಠಡಿಯಲ್ಲಿ ಸಿಗ್ನಲ್ ನಿಜಕ್ಕೂ ಇಲ್ಲವೇ? ಡಿಬಿಎಂ ಓದಲು ಕಲಿಸಿದ ಎರಡು ಅವಧಿಗಳು

ಹಿನ್ನೆಲೆ

ಅಭ್ಯಾಸ ಬೋಧನೆಗೆ ನನ್ನನ್ನು ನಿಯೋಜಿಸಿದ್ದ ಪ್ರೌಢಶಾಲೆಯಲ್ಲಿ ಎಂಟನೇ ಕೊಠಡಿಗೆ ‘ಸಿಗ್ನಲ್ ಇಲ್ಲದ ಕೊಠಡಿ’ ಎಂದೇ ಹೆಸರು. ಅಲ್ಲಿ ಕೂರುವ ಒಂಬತ್ತನೇ ತರಗತಿ ಬಿ ವಿಭಾಗದ 42 ಮಕ್ಕಳಿಗೆ ವಿಡಿಯೊ ಪಾಠವಿದ್ದರೆ ಅವರನ್ನು ಗ್ರಂಥಾಲಯಕ್ಕೆ ಕರೆದೊಯ್ಯಬೇಕು. 40 ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಹೋಗಿ ಬರುವುದರಲ್ಲೇ ಕಳೆಯುತ್ತಿತ್ತು. ಶಾಲೆಗೆ ಬಂದಿದ್ದ ಹೊಸ ಪ್ರೊಜೆಕ್ಟರನ್ನು ಬಿ ವಿಭಾಗಕ್ಕೆ ಕೊಡದೆ ಬೇರೆ ಕೊಠಡಿಗೆ ಹಾಕುವ ಯೋಚನೆಯೂ ನಡೆದಿತ್ತು.

ಆ ಮಾತಿಗೆ ನಾನೂ ದನಿಗೂಡಿಸಿದ್ದೆ. ಪಾಠ ಅವಲೋಕನಕ್ಕೆಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದಾಗ ಫೋನಿನ ಆ್ಯಪ್‌ನಲ್ಲಿ −81 ಡಿಬಿಎಂ ಎಂದು ನೋಡಿ, ಶಿಕ್ಷಕರ ಕೊಠಡಿಯಲ್ಲಿ “ಹೌದು, ಅಲ್ಲಿ ಏನೂ ಬರಲ್ಲ” ಎಂದಿದ್ದೆ. ನನ್ನ ಮಾರ್ಗದರ್ಶಕ ಶಿಕ್ಷಕರು ಕೇಳಿದರು: “ಒಂದೇ ಜಾಗದಲ್ಲಿ, ಒಂದೇ ಸಲ, ಕೈಯಲ್ಲಿ ಫೋನ್ ಹಿಡಿದು ನೋಡಿದ್ದೀರಿ. ಅದನ್ನು ಇಡೀ ಕೊಠಡಿಯ ಅಳತೆ ಅಂತ ಹೇಗೆ ಹೇಳ್ತೀರಿ?” ಉತ್ತರ ನನ್ನಲ್ಲಿರಲಿಲ್ಲ. ಆ ಪ್ರಶ್ನೆಯನ್ನೇ ಎರಡು ಅವಧಿಗಳ ಪಾಠವಾಗಿ ಯೋಜಿಸಿದೆ.

ಮೊದಲ ಅವಧಿ: ಸಂಖ್ಯೆಯನ್ನು ಓದುವುದು

ಕಪ್ಪುಹಲಗೆಯ ಮೇಲೆ −81 ಮತ್ತು −66 ಬರೆದು ಯಾವುದು ಬಲವಾದ ಸಿಗ್ನಲ್ ಎಂದು ಕೇಳಿದೆ. “ಮಿಸ್, ಎಂಬತ್ತೊಂದೇ ದೊಡ್ಡದಲ್ವಾ?” ಎಂದು ಅರ್ಧ ತರಗತಿ ಹೇಳಿತು. ಸಂಖ್ಯಾರೇಖೆ ಎಳೆದು, ಸೊನ್ನೆಗೆ ಹತ್ತಿರ ಇರುವುದೇ ಬಲವಾದದ್ದು ಎಂದು ತೋರಿಸಿದೆ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಅಲ್ಲಿಂದ ಪ್ರತಿ 10 ಇಳಿದಂತೆ ಶಕ್ತಿ ಹತ್ತನೇ ಒಂದು ಭಾಗವಾಗುತ್ತದೆ. ಹಾಗಾಗಿ −60 ಎಂದರೆ ಮಿಲಿವ್ಯಾಟಿನ ಹತ್ತು ಲಕ್ಷದ ಒಂದು ಭಾಗ. −66ಕ್ಕೂ −81ಕ್ಕೂ ಇರುವ 15 ಡೆಸಿಬೆಲ್ ಅಂತರ ಸಣ್ಣದಾಗಿ ಕಂಡರೂ ಶಕ್ತಿಯಲ್ಲಿ ಅದು ಸುಮಾರು 32 ಪಟ್ಟು.

ಆದರೆ ಸಿಗ್ನಲ್ ಒಂದನ್ನೇ ನೋಡಿದರೆ ಸಾಲದು. ಸಂತೆಯಲ್ಲಿ ಕೂಗಿದರೂ ಕೇಳದ ಮಾತು ರಾತ್ರಿ ಪಿಸುಗುಟ್ಟಿದರೂ ಕೇಳುತ್ತದೆ. ರೇಡಿಯೊ ಅಲೆಗಳಿಗೂ ಹಿನ್ನೆಲೆಯ ಗದ್ದಲವಿದೆ. ಸಿಗ್ನಲ್‌ನಿಂದ ಆ ಗದ್ದಲವನ್ನು ಕಳೆದರೆ ಬರುವುದು ಸಿಗ್ನಲ್–ಗದ್ದಲ ಅನುಪಾತ. ಇಲ್ಲಿ ಒಬ್ಬ ಹುಡುಗಿ ಕೇಳಿದಳು: “ನಾವೆಲ್ಲ ಸುಮ್ಮನಿದ್ದರೆ ಗದ್ದಲ ಕಡಿಮೆ ಆಗುತ್ತಾ ಮಿಸ್?” ಒಂದು ನಿಮಿಷ ಮಾತಾಡಿಸಿ, ಒಂದು ನಿಮಿಷ ಸುಮ್ಮನಿರಿಸಿ ಅಳೆದೆವು. ಎರಡೂ ಸಲ −93 ಬಂತು. ಇದು ಕಿವಿಯ ಗದ್ದಲವಲ್ಲ ಎಂಬುದು ನನ್ನ ವಿವರಣೆಗಿಂತ ಈ ಅಳತೆಯಿಂದಲೇ ಅವರಿಗೆ ಸ್ಪಷ್ಟವಾಯಿತು.

ಅಳತೆಗೆ ಶಾಲೆಯ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಎರಡು ಆದೇಶಗಳನ್ನು ಬಳಸಿದೆ. ಮೊದಲನೆಯದು ಸಿಗ್ನಲ್ ತೋರಿಸುತ್ತದೆ, ಎರಡನೆಯದು ಗದ್ದಲವನ್ನು.

```
iw dev wlan0 link
iw dev wlan0 survey dump
```

ಎರಡನೆಯದರಲ್ಲಿ `[in use]` ಎಂದಿರುವ ಭಾಗವನ್ನಷ್ಟೇ ಓದಬೇಕು. ಕೆಲವು ಲ್ಯಾಪ್‌ಟಾಪ್‌ಗಳ ವೈಫೈ ಚಾಲಕ ತಂತ್ರಾಂಶ `noise` ಸಾಲನ್ನು ಕೊಡುವುದೇ ಇಲ್ಲ. ಆದ್ದರಿಂದ ಪಾಠಕ್ಕೆ ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮಕ್ಕಳು ತಮ್ಮ ಜಾಗಗಳಲ್ಲಿ ಕುಳಿತಿರುವಾಗಲೇ, ಐದು ಸ್ಥಳಗಳಲ್ಲಿ ಲ್ಯಾಪ್‌ಟಾಪನ್ನು ಬೆಂಚಿನ ಮೇಲಿಟ್ಟು ಮೂರು ಮೂರು ಸಲ ಓದಿ, ನಡುವಿನ ಅಂಕಿಯನ್ನು ಬರೆದುಕೊಂಡೆವು. ಬಾಗಿಲ ಬಳಿ −61, ಕಿಟಕಿಯ ಬಳಿ −64, ನಡುವೆ −66, ಕಪ್ಪುಹಲಗೆಯ ಬಳಿ −68, ಹಿಂದಿನ ಮೂಲೆಯಲ್ಲಿ −78. ಗದ್ದಲ ಎಲ್ಲೆಡೆ −93. ಅನುಪಾತವನ್ನು ಮಕ್ಕಳೇ ಲೆಕ್ಕ ಹಾಕಿದರು:

−66 − (−93) = 27

ಋಣ ಸಂಖ್ಯೆಯಿಂದ ಋಣ ಸಂಖ್ಯೆಯನ್ನು ಕಳೆಯುವಾಗ ಕೆಲವರು −159 ಎಂದು ಬರೆದಿದ್ದರು. ಗದ್ದಲದಿಂದ ಸಿಗ್ನಲ್ ಎಷ್ಟು ಮೆಟ್ಟಿಲು ಮೇಲಿದೆ ಎಂದು ಸಂಖ್ಯಾರೇಖೆಯಲ್ಲಿ ಎಣಿಸಲು ಹೇಳಿದಾಗ ತಾವೇ ತಿದ್ದಿಕೊಂಡರು.

ಐದು ಸ್ಥಳಗಳ ಅನುಪಾತ ಕ್ರಮವಾಗಿ 32, 29, 27, 25 ಮತ್ತು 15. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು 25 ಡೆಸಿಬೆಲ್ ಇದ್ದರೆ ವಿಡಿಯೊಗೂ ಸಾಕು ಎನ್ನುತ್ತಾರೆ. 15ರ ಆಸುಪಾಸಿಗೆ ಬಂದರೆ ಸಾಧನ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ಬಡವಾಗಿದ್ದುದು ಕೊಠಡಿಯಲ್ಲ, ಕಬ್ಬಿಣದ ಬೀರುವಿನ ಹಿಂದಿನ ಒಂದು ಮೂಲೆ ಮಾತ್ರ. ಅವಲೋಕನದ ದಿನ ನಾನು ಕುಳಿತಿದ್ದುದು ಅಲ್ಲೇ. ಜೊತೆಗೆ ಫೋನನ್ನು ಹಿಡಿದಿದ್ದ ನನ್ನ ಕೈಯೂ ಅಲೆಗಳನ್ನು ಹೀರಿಕೊಂಡಿತ್ತು.

ಎರಡನೇ ಅವಧಿ: ಹಾಗಾದರೆ ವಿಡಿಯೊ ಏಕೆ ನಿಲ್ಲುತ್ತದೆ?

“ಸಿಗ್ನಲ್ ಚೆನ್ನಾಗಿದ್ದರೆ ವಿಡಿಯೊ ಯಾಕೆ ಸುತ್ತುತ್ತಾ ಇರುತ್ತೆ ಮಿಸ್?” ಎಂದು ಮಕ್ಕಳು ಕೇಳಿದರು. ಗ್ರಂಥಾಲಯದಲ್ಲಿ ಹಾಗಾಗುವುದಿಲ್ಲವಲ್ಲ ಎಂಬುದು ಅವರ ವಾದ. ಆದರೆ ಗ್ರಂಥಾಲಯಕ್ಕೆ ಅವರು ಹೋಗುತ್ತಿದ್ದುದು ಕೊನೆಯ ಅವಧಿಯಲ್ಲಿ. ಎಂಟನೇ ಕೊಠಡಿಯಲ್ಲಿ ವಿಡಿಯೊ ಪ್ರಯತ್ನಿಸಿದ್ದು ಬೆಳಗಿನ ಎರಡನೇ ಅವಧಿಯಲ್ಲಿ. ಎರಡು ಕೊಠಡಿಗಳ ಜೊತೆ ಎರಡು ಸಮಯಗಳನ್ನೂ ನಾವು ಹೋಲಿಸಿಬಿಟ್ಟಿದ್ದೆವು. ಮರುದಿನ ಎರಡನೇ ಅವಧಿಯಲ್ಲೇ ನಾಲ್ಕು ಮಕ್ಕಳೊಂದಿಗೆ ಗ್ರಂಥಾಲಯಕ್ಕೆ ಹೋಗಿ ಅಳೆದೆ. ಅನುಪಾತ 41. ಆದರೂ ವಿಡಿಯೊ ಅಲ್ಲಿಯೂ ನಿಂತಿತು.

ಇಲ್ಲಿ ಗದ್ದಲದ ಅಂಕಿಯ ಮಿತಿ ಕಾಣುತ್ತದೆ. ಅದೇ ಚಾನೆಲ್‌ನಲ್ಲಿ ಬೇರೆ ವೈಫೈಗಳು ಮಾತಾಡುತ್ತಿದ್ದರೆ ಆ ದಟ್ಟಣೆ ಸಾಮಾನ್ಯವಾಗಿ `noise` ಸಾಲಿನಲ್ಲಿ ಕಾಣುವುದಿಲ್ಲ. ನಮ್ಮ ರೂಟರ್ ತನ್ನ ಸರದಿಗೆ ಕಾಯುತ್ತದೆ, ಅಷ್ಟೇ. ಈ ಕಾಯುವಿಕೆಯ ಸುಳಿವು `channel active time` ಮತ್ತು `channel busy time` ಎಂಬ ಸಾಲುಗಳಲ್ಲಿದೆ. ಇವು ಕೂಡುತ್ತಾ ಹೋಗುವ ಮೊತ್ತಗಳಾದ್ದರಿಂದ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಓದಿ ವ್ಯತ್ಯಾಸ ತೆಗೆಯಬೇಕು. ನಮ್ಮ ಬಳಕೆಯೂ ಅದರಲ್ಲಿ ಸೇರುವುದರಿಂದ ಆ ಹೊತ್ತಿನಲ್ಲಿ ವಿಡಿಯೊ ಓಡಿಸಬಾರದು.

ನಮಗೆ ಬಂದದ್ದು: 60,000 ಮಿಲಿಸೆಕೆಂಡಿನಲ್ಲಿ 46,800 ಮಿಲಿಸೆಕೆಂಡು ಚಾನೆಲ್ ತುಂಬಿತ್ತು, ಅಂದರೆ ಶೇಕಡ 78. ಕೊನೆಯ ಅವಧಿಯಲ್ಲಿ ಅಳೆದಾಗ ಶೇಕಡ 24. ಶಾಲೆಯ ರೂಟರ್ ಇದ್ದುದು 6ನೇ ಚಾನೆಲ್‌ನಲ್ಲಿ. ಪಕ್ಕದ ಕಟ್ಟಡದ ಕಂಪ್ಯೂಟರ್ ತರಬೇತಿ ಕೇಂದ್ರದ ರೂಟರುಗಳೂ ಅದರಲ್ಲೇ ಇದ್ದವು, ಅವರ ತರಗತಿಗಳು ನಡೆಯುವುದು ಬೆಳಗ್ಗೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಮ್ಮ ರೂಟರನ್ನು 1ನೇ ಚಾನೆಲ್‌ಗೆ ಬದಲಾಯಿಸಿದೆವು. ಮರುದಿನ ಎರಡನೇ ಅವಧಿಯಲ್ಲಿ ಎಂಟನೇ ಕೊಠಡಿಯ ನಡುವೆ ಅನುಪಾತ 26, ಹೆಚ್ಚುಕಡಿಮೆ ಮೊದಲಿನಷ್ಟೇ. ಚಾನೆಲ್ ತುಂಬಿದ್ದು ಶೇಕಡ 31. ವಿಡಿಯೊ ನಿಲ್ಲದೆ ಓಡಿತು. ಕೊಠಡಿ ಬದಲಾಗಿರಲಿಲ್ಲ, ಅನುಪಾತವೂ ಬದಲಾಗಿರಲಿಲ್ಲ. ಆದ್ದರಿಂದ ದೋಷ ಕೊಠಡಿಯದಾಗಿರಲಿಲ್ಲ.

ಮೌಲ್ಯಮಾಪನ ಮತ್ತು ಮರುನೋಟ

ಕೊನೆಗೆ ಕೊಟ್ಟ ಪ್ರಶ್ನೆ: ಒಂದು ಕೊಠಡಿಯಲ್ಲಿ ಸಿಗ್ನಲ್ −62, ಗದ್ದಲ −74, ಇನ್ನೊಂದರಲ್ಲಿ −70 ಮತ್ತು −95. ಯಾವುದು ಬಡವು? 42 ಮಕ್ಕಳಲ್ಲಿ 33 ಮಂದಿ 12 ಮತ್ತು 25 ಎಂದು ಕಳೆದು, ಮೊದಲನೆಯದೇ ಬಡವು ಎಂದರು. ಉಳಿದವರಲ್ಲಿ ಹೆಚ್ಚಿನವರು ಸಿಗ್ನಲ್ ಅಂಕಿಯನ್ನಷ್ಟೇ ನೋಡಿದ್ದರು. ಅವರಿಗೆ ಸಂಖ್ಯಾರೇಖೆಯ ಮೇಲೆ ಇನ್ನೊಮ್ಮೆ ಎಣಿಸುವ ಅಭ್ಯಾಸ ಬೇಕಿತ್ತು, ಅವಧಿ ಮುಗಿದಿತ್ತು.

ಈ ಪಾಠ ಮತ್ತೆ ಮಾಡುವುದಾದರೆ ಎರಡು ಬದಲಾವಣೆ ಮಾಡುತ್ತೇನೆ. ಎರಡು ಕೊಠಡಿಗಳನ್ನು ಮೊದಲ ದಿನವೇ ಒಂದೇ ಸಮಯದಲ್ಲಿ, ಒಂದೇ ಲ್ಯಾಪ್‌ಟಾಪ್‌ನಿಂದ ಅಳೆಯುತ್ತೇನೆ. ಸಾಧನ ಬದಲಾದರೆ ಅಂಕಿಯೂ ಹಲವು ಡೆಸಿಬೆಲ್ ಬದಲಾಗುತ್ತದೆ. ಸಮಯವನ್ನು ಬರೆಯಲು ಕೋಷ್ಟಕದಲ್ಲಿ ಒಂದು ಕಾಲಂ ಇಡುತ್ತೇನೆ.

ಮಕ್ಕಳು ತಯಾರಿಸಿದ ಕೋಷ್ಟಕವನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟೆವು. ಪ್ರೊಜೆಕ್ಟರ್ ಈಗ ಎಂಟನೇ ಕೊಠಡಿಯಲ್ಲಿದೆ. ಬೀರುವನ್ನು ಮಕ್ಕಳೇ ಗೋಡೆಯ ಇನ್ನೊಂದು ಬದಿಗೆ ಸರಿಸಿದ್ದಾರೆ.