ವಾಯರ್ ಹರಿದರೆ ಡಬ್ಬಿ ಎಸೆಯಬೇಡ

ತಮ್ಮಾ, ಲ್ಯಾಪ್‌ಟಾಪ್ ಚಾರ್ಜರ್ ಕೈಕೊಟ್ಟಿದೆ, ಕಂಪನಿಯದಕ್ಕೆ ಎರಡು ಸಾವಿರದ ಮೇಲೆ ಹೇಳ್ತಾರೆ, ಬೀದರಿನ ಅಂಗಡಿಯಲ್ಲಿ ಆರು ನೂರಕ್ಕೆ ಸಿಗ್ತದೆ, ಏನು ಮಾಡ್ಲಿ ಕಾಕಾ ಅಂತ ಕೇಳಿದ್ದಿ. ಭಾಲ್ಕಿಯಲ್ಲಿ ರೇಡಿಯೊ, ಟಿವಿ ಬಿಚ್ಚುತ್ತಲೇ ವಯಸ್ಸು ಕಳೆದವನು ನಾನು. ಈಗ ಮೇಜಿನ ಮೇಲೆ ಬರುವುದೆಲ್ಲ ಅಡಾಪ್ಟರ್‌ಗಳೇ. ಯಾವುದನ್ನು ಕೊಳ್ಳಬೇಕು ಅನ್ನೋದು ಆಮೇಲಿನ ಮಾತು. ಸತ್ತದ್ದು ಡಬ್ಬಿಯೋ ವಾಯರೋ, ಮೊದಲು ಅದನ್ನು ನೋಡು.

ಅಡಾಪ್ಟರ್ ಹಾಕಿ, ಪಿನ್ ಹತ್ತಿರ ವಾಯರನ್ನು ಮೆಲ್ಲಗೆ ಬಾಗಿಸು. ಚಾರ್ಜ್ ಬಂದು ಬಂದು ಹೋಗುತ್ತಿದ್ದರೆ ಒಳಗೆ ವಾಯರ್ ಹರಿದಿದೆ, ಡಬ್ಬಿ ನೆಟ್ಟಗಿದೆ. ಹಾಸ್ಟೆಲ್ ಹುಡುಗರು ವಾಯರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಿ ಚೀಲಕ್ಕೆ ತುರುಕುತ್ತಾರೆ. ನನ್ನ ಹತ್ತಿರ ಬರುವವುಗಳಲ್ಲಿ ಹೆಚ್ಚಿನವು ಹಾಳಾಗೋದು ಹಾಗೇ. ಪಿನ್ ಕಡೆಯ ತುದಿ ಹರಿದಿದ್ದರೆ ಡಬ್ಬಿ ಬಿಚ್ಚುವ ಕೆಲಸವೇ ಇಲ್ಲ. ಅಲ್ಲಿ ಕತ್ತರಿಸಿ ಹೊಸ ಪಿನ್ನು ಬೆಸೆದರೆ ಆಯಿತು. ಅಂದಾಜು ಇನ್ನೂರು ರೂಪಾಯಿ ಖರ್ಚು. ಉಳಿತಾಯ ಅಂದರೆ ಇದೇ, ಯಾಕಂದರೆ ಒಳಗಿರೋದು ಕಂಪನಿಯ ಮಾಲೇ.

ಆದರೆ ಇಲ್ಲೊಂದು ಸಿಕ್ಕು ಇದೆ. ನಿನ್ನ ಡೆಲ್ ಲ್ಯಾಪ್‌ಟಾಪಿನ ದುಂಡು ಪಿನ್ನಿನ ನಡುವೆ ಸೂಜಿಯಷ್ಟು ತೆಳ್ಳಗೆ ಇನ್ನೊಂದು ಪಿನ್ ಕಾಣುತ್ತದಲ್ಲ, ಅದರಲ್ಲಿ ಲ್ಯಾಪ್‌ಟಾಪ್ ನಡೆಸುವ ಕರೆಂಟು ಹರಿಯೋದಿಲ್ಲ. ಡಬ್ಬಿಯ ಒಳಗೆ ಒಂದು ಸಣ್ಣ ಚಿಪ್ ಇರುತ್ತದೆ. ‘ನಾನು 65 ವ್ಯಾಟಿನ ಅಡಾಪ್ಟರು’ ಅಂತ ಅದು ಲ್ಯಾಪ್‌ಟಾಪಿಗೆ ಗುರುತು ಹೇಳೋದು ಆ ಸೂಜಿಯ ಮೂಲಕ. ಅದಕ್ಕೇ ವಾಯರಿನೊಳಗೆ ಎರಡಲ್ಲ, ಮೂರು ಎಳೆ. ಎರಡೇ ಎಳೆಯ ಸಸ್ತಾ ವಾಯರ್ ಹಾಕಿಸಿದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗೋದಿಲ್ಲ. ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಅನ್ನುವ ಸೂಚನೆ ಪರದೆಯ ಮೇಲೆ ಬರುತ್ತದೆ, ಪ್ರೊಸೆಸರು ತಾನಾಗಿಯೇ ನಿಧಾನವಾಗುತ್ತದೆ. ಎಷ್ಟೋ ಮಂದಿ ಇದನ್ನು ನೋಡಿ ಬ್ಯಾಟರಿ ಹೋಯಿತೆಂದು ಹೊಸ ಬ್ಯಾಟರಿಗೇ ದುಡ್ಡು ಹಾಕುತ್ತಾರೆ! ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮುಂಚೆ, ಆನ್ ಮಾಡುವಾಗ F2 ಒತ್ತಿ ಬ್ಯಾಟರಿಯ ಪುಟ ನೋಡು. ಅಲ್ಲಿ ಅಡಾಪ್ಟರ್ 65W ಅಂತ ಕಂಡರೆ ಬರೋಬ್ಬರಿ.

ಡಬ್ಬಿಯೇ ಸತ್ತಿದ್ದರೆ ಮಾತು ಬೇರೆ. ಆಗ ಮೂರು ದಾರಿ ಇವೆ. ಕಂಪನಿಯದು ಹೊಸದು, ಕೆಟ್ಟ ಲ್ಯಾಪ್‌ಟಾಪಿನ ಜೊತೆ ಬಂದ ಹಳೆಯ ಒರಿಜಿನಲ್, ಇಲ್ಲವೇ ಕಾಪಿ. ನನ್ನ ಮನಸ್ಸು ನಡುವಿನದರ ಕಡೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂಥ ಕಂಪ್ಯೂಟರ್ ಪೇಟೆಯಲ್ಲಿ ಇಂಥವು ಸಿಗುತ್ತವೆ, ಬೀದರಿನಿಂದ ಹೈದರಾಬಾದಿಗೆ ನಿನ್ನ ಗೆಳೆಯರು ಹೋಗಿ ಬರುತ್ತಲೇ ಇರುತ್ತಾರೆ. ಕೊಳ್ಳುವಾಗ ಲೇಬಲ್ ಓದು. ನಿನ್ನದರ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಅಂತ ಇದೆ. ಎರಡನ್ನೂ ಗುಣಿಸಿದರೆ 65 ವ್ಯಾಟ್. ವೋಲ್ಟು ಅಷ್ಟೇ ಇರಬೇಕು. ಆಂಪಿಯರು ಅಷ್ಟೇ ಅಥವಾ ಹೆಚ್ಚಿರಬಹುದು, ಯಾಕಂದರೆ ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಹಾಗಾಗಿ 90 ವ್ಯಾಟಿನದು ನಡೆಯುತ್ತದೆ, 45ರದನ್ನು ತರಬೇಡ. ಪಿನ್ನಿನ ಗಾತ್ರವೂ ಕೂಡಬೇಕು, ಡೆಲ್‌ನಲ್ಲೇ ದಪ್ಪದ್ದು ಒಂದು, ಸಣ್ಣದು ಒಂದು ಇವೆ.

ಹಳೆಯದನ್ನು ಕೊಳ್ಳುವಾಗ ಅಂಗಡಿಯಾತ ಮೀಟರ್ ಹಚ್ಚಿ 19.5 ತೋರಿಸುತ್ತಾನೆ. ಅದಕ್ಕೆ ಮರುಳಾಗಬೇಡ. ಹೊರೆ ಇಲ್ಲದಾಗ ಸಾಯಲಿಕ್ಕೆ ಬಂದ ಅಡಾಪ್ಟರು ಕೂಡ ಬರೋಬ್ಬರಿ ವೋಲ್ಟು ತೋರಿಸುತ್ತದೆ. ಒಳಗಿನ ಕೆಪ್ಯಾಸಿಟರ್‌ಗಳು ಶಾಖಕ್ಕೆ ಒಣಗುತ್ತವೆ. ಹತ್ತು ಡಿಗ್ರಿ ಹೆಚ್ಚಿಗೆ ಕಾದರೆ ಆಯುಷ್ಯ ಅರ್ಧ ಅನ್ನೋದು ನಮ್ಮ ಕಸುಬಿನ ಲೆಕ್ಕ, ನಮ್ಮ ಕಡೆಯ ಬೇಸಿಗೆ ನಿನಗೆ ಗೊತ್ತೇ ಇದೆ. ಬ್ಯಾಟರಿ ಇಳಿದಿರುವ ಲ್ಯಾಪ್‌ಟಾಪನ್ನೇ ಒಯ್ಯಿ. ಅಲ್ಲೇ ಜೋಡಿಸಿ ಅರ್ಧ ಗಂಟೆ ಚಾರ್ಜ್ ಮಾಡು. ಬೆಚ್ಚಗಾದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ, ಕಿರ್ ಅಂತ ಸದ್ದು ಬಂದರೆ, ಚಾರ್ಜ್ ನಡುನಡುವೆ ನಿಂತರೆ, ಬಿಟ್ಟು ಬಾ. ಡಬ್ಬಿಯ ಕೂಡು ಸಾಲಿನಲ್ಲಿ ಫೆವಿಕ್ವಿಕ್ ಹಚ್ಚಿದ ಬಿಳಿ ಗೆರೆ ಕಂಡರೂ ಅಷ್ಟೇ. ಅದರೊಳಗೆ ಮನೆಯ ಕರೆಂಟು ಮುನ್ನೂರು ವೋಲ್ಟಿನ ಮೇಲೆ ಕೂಡಿಟ್ಟುಕೊಂಡ ಭಾಗ ಇರುತ್ತದೆ. ಅದನ್ನು ಬಿಚ್ಚಿ ಏನೇನು ಬದಲಿಸಿದರೋ ಹೇಳಲಿಕ್ಕೆ ಬರೋದಿಲ್ಲ.

ಆರು ನೂರರ ಕಾಪಿಯನ್ನು ನಾನು ಬಿಚ್ಚಿ ನೋಡಿದ್ದೇನೆ. ಫ್ಯೂಸ್ ಇರಬೇಕಾದಲ್ಲಿ ಬರೀ ತಂತಿಯ ತುಂಡು. ಕರೆಂಟು ಏರಿದಾಗ ಹೊಡೆತ ತಿನ್ನುವ ವೇರಿಸ್ಟರಿಗೆ ಬೋರ್ಡಿನಲ್ಲಿ ಜಾಗ ಇದೆ, ಪಾರ್ಟು ಇಲ್ಲ. ಮನೆಯ ಕರೆಂಟಿನ ಕಡೆಗೂ ನೀನು ಮುಟ್ಟುವ ಕಡೆಗೂ ನಡುವೆ ಒಂದು ನೀಲಿ ಕೆಪ್ಯಾಸಿಟರ್ ಕೂರುತ್ತದೆ. ಅದು ಸುಟ್ಟರೂ ಎರಡನ್ನೂ ಕೂಡಿಸದಂಥ ಜಾತಿಯದಾಗಿರಬೇಕು. ಕಾಪಿಯಲ್ಲಿ ಅಲ್ಲಿ ಸಾದಾದ್ದನ್ನು ಹಾಕಿರುತ್ತಾರೆ. ಅದು ಶಾರ್ಟ್ ಆದ ದಿನ ಮನೆಯ ಕರೆಂಟು ಲ್ಯಾಪ್‌ಟಾಪಿನ ಮೈಗೇ ಬರುತ್ತದೆ. ಹೊರಗಿನಿಂದ ಇದಾವುದೂ ಕಾಣೋದಿಲ್ಲ. ತೂಕ ನೋಡು ಅಂತಾರೆ, ಒಳಗೆ ಕಬ್ಬಿಣದ ತುಂಡಿಟ್ಟು ತೂಕ ಮಾಡುವವರೂ ಇದ್ದಾರೆ.

ಹಾಗಂತ ಬೇರೆ ಕಂಪನಿಯದೆಲ್ಲ ಕಾಪಿಯಲ್ಲ, ತಮ್ಮಾ. ಇನ್ನೊಬ್ಬರ ಹೆಸರು ಅಂಟಿಸಿಕೊಂಡದ್ದು ಕಾಪಿ, ತನ್ನದೇ ಹೆಸರಿನಲ್ಲಿ ಮಾರುವವನು ಬೇರೆ. 2020ರ ಅಕ್ಟೋಬರಿನಲ್ಲಿ ಆ್ಯಪಲ್ ಐಫೋನ್ 12ರ ಡಬ್ಬಿಯಿಂದ ಚಾರ್ಜರನ್ನೇ ತೆಗೆಯಿತು, ಮರುವರ್ಷ ಸ್ಯಾಮ್‌ಸಂಗ್ ಅದೇ ದಾರಿ ಹಿಡಿಯಿತು. ಈಗ ಎಷ್ಟೋ ಫೋನಿಗೆ ಚಾರ್ಜರನ್ನು ಬೇರೆಯಾಗಿಯೇ ಕೊಳ್ಳಬೇಕು. ನಿನ್ನ ತಂಗಿಯ ಟೈಪ್-ಸಿ ಫೋನಿಗೆ ಹೆಸರುವಾಸಿ ಕಂಪನಿಯ ಪಿಡಿ ಚಾರ್ಜರ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಫೋನೂ ಚಾರ್ಜರೂ ಮೊದಲು ಮಾತಾಡಿಕೊಂಡು ವೋಲ್ಟು ಗೊತ್ತು ಮಾಡುತ್ತವೆ. ಹೊಂದದಿದ್ದರೆ 5 ವೋಲ್ಟಿಗೆ ನಿಲ್ಲುತ್ತವೆ, ಚಾರ್ಜ್ ನಿಧಾನವಾಗುತ್ತದೆ, ಅಷ್ಟೇ. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ ಫೋನುಗಳ ಅತಿ ವೇಗ ಬೇಕೆಂದರೆ ಮಾತ್ರ ಅವರದೇ ಚಾರ್ಜರೂ ಅವರದೇ ಕೇಬಲ್ಲೂ ಬೇಕು.

ಹೊಸದು ಯಾವುದೇ ಇರಲಿ, ಮೇಲೆ ಬಿಐಎಸ್ ಗುರುತಿನ ಜೊತೆ R- ಅಂತ ಶುರುವಾಗಿ ಎಂಟು ಅಂಕಿ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಅಂಕಿ ಹಾಕಿದರೆ ತಯಾರಕರ ಹೆಸರು, ಬ್ರ್ಯಾಂಡು ಬರುತ್ತವೆ. ನಂಬರು ಇದೆ ಅಂತಷ್ಟೇ ನೋಡಿ ಬಿಡಬೇಡ. ಕಾಪಿ ಮಾಡುವವನು ಇನ್ನೊಬ್ಬರ ನಿಜವಾದ ನಂಬರನ್ನೇ ಅಚ್ಚು ಹಾಕಿರಬಹುದು. ಪರದೆಯ ಮೇಲಿನ ಹೆಸರು ನಿನ್ನ ಕೈಯಲ್ಲಿರುವ ಡಬ್ಬಿಯ ಹೆಸರಿಗೆ ಕೂಡಬೇಕು.

ಇನ್ನೊಂದು, ಔರಾದಿನ ನಿಮ್ಮ ಮನೆಯ ಮಾತು. ಹೊಲದ ಮೋಟಾರುಗಳು ಶುರುವಾದಾಗ ವೋಲ್ಟೇಜು ಬೀಳುತ್ತದೆ, ನಿಂತಾಗ ಏರುತ್ತದೆ. 100ರಿಂದ 240ರವರೆಗೆ ತಡೆಯುತ್ತದೆ ಅಂತ ಎಲ್ಲ ಅಡಾಪ್ಟರ್‌ಗಳ ಮೇಲೂ ಬರೆದಿರುತ್ತಾರೆ, ತಡೆಯುವುದು ಮಾತ್ರ ಒಳಗೆ ಮಾಲು ಇದ್ದದ್ದು. ನ್ಯೂಟ್ರಲ್ ಕಡಿದರೆ ಮುನ್ನೂರರ ಮೇಲೂ ಬಂದೀತು, ಆಗ ಒರಿಜಿನಲ್ ಕೂಡ ಸಾಯುತ್ತದೆ. ಆದರೆ ಅದು ಫ್ಯೂಸ್ ಕಳಕೊಂಡು ಸಾಯುತ್ತದೆ, ಕಾಪಿ ಹೊತ್ತಿಕೊಂಡೀತು. ಹೀಗಾಗಿ ಕಾಪಿಯನ್ನು ಊರಿಗಂತೂ ಒಯ್ಯಬೇಡ, ರಾತ್ರಿ ಹಾಸಿಗೆಯ ಮೇಲೆ ಹಚ್ಚಿಟ್ಟು ಮಲಗಲೂ ಬೇಡ.

ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ, ಚಾರ್ಜರ್ ಡೂಪ್ಲಿಕೇಟ್ ಇರಬೇಕು ಅಂತ ನಿಮ್ಮಪ್ಪ ಫೋನಿನಲ್ಲಿ ಅಂದಿದ್ದ. ಅದು ಹಾಗೇ ಆಗಬೇಕೆಂದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಒರಿಜಿನಲ್ ಕೂಡ ಸಣ್ಣಗೆ ಜುಮ್ ಅನ್ನಿಸುತ್ತದೆ. ಆ ನೀಲಿ ಕೆಪ್ಯಾಸಿಟರಿನಿಂದ ಹಾಯುವ ಅತಿ ಸಣ್ಣ ಕರೆಂಟು ಅದು. ಕೈ ಹಿಂದಕ್ಕೆ ಎಳೆಯುವಂತೆ ಹೊಡೆದರೆ ಮಾತ್ರ ತಕ್ಷಣ ಪ್ಲಗ್ ಕಿತ್ತುಬಿಡು. ನಿಮ್ಮ ಹಳೇ ಮನೆಯಲ್ಲಿ ಮೂರನೇ ತೂತು ಇದೆ, ಅದರ ಹಿಂದೆ ವಾಯರೇ ಇಲ್ಲ. ಹೊಸ ಚಾರ್ಜರಿಗೆ ದುಡ್ಡು ಎಣಿಸುವ ಮುಂಚೆ ಅದಕ್ಕೊಂದು ಅರ್ಥಿಂಗ್ ಮಾಡಿಸು.